25 ತೂತು, ಒಂದು ಗ್ರಿಲ್, ಒಂದು ಪತ್ರ

ಚಿಕ್ಕಮ್ಮ ತಮ್ಮ ಮನೆಯ ಬಾಡಿಗೆಯವರಿಗೆ ಬರೆದಿದ್ದ ಮೊದಲ ಪತ್ರದಲ್ಲಿ ಇದ್ದದ್ದು ಮೂರೇ ಸಾಲು. "ನೀವು ನನ್ನ ಮನೆ ಗೋಡೆ ತುಂಬಾ ತೂತು ಮಾಡಿದ್ದೀರಿ. ಕೇಳದೆ ಗ್ರಿಲ್ ಬದಲಿಸಿದ್ದೀರಿ. ಏಳು ದಿನದಲ್ಲಿ ಎಲ್ಲಾ ಮೊದಲಿದ್ದ ಹಾಗೆ ಮಾಡಿಕೊಡಿ, ಇಲ್ಲದಿದ್ದರೆ ಅಡ್ವಾನ್ಸ್ ವಾಪಸ್ ಕೊಡುವುದಿಲ್ಲ." ಕಳಿಸುವ ಮುಂಚೆ ಒಮ್ಮೆ ಓದಿ ನೋಡು ಅಂತ ನನಗೆ ಕೊಟ್ಟರು, ಅದು ಒಳ್ಳೆಯದಾಯಿತು.

ಸಿಟ್ಟು ಬಂದದ್ದು ತಪ್ಪಲ್ಲ. ಬಾಡಿಗೆಗೆ ಕೊಟ್ಟು ಒಂದೂವರೆ ವರ್ಷ ಆಗಿತ್ತು. ಮೀಟರ್ ನೋಡಲು ಹೋದವರು ಕತ್ತೆತ್ತಿ ನೋಡಿದರೆ ಮೊದಲ ಮಹಡಿಯ ಮಲಗುವ ಕೋಣೆ ಕಿಟಕಿಯಿಂದ ಒಂದು ಕಬ್ಬಿಣದ ಪೆಟ್ಟಿಗೆ ಹೊರಗೆ ಚಾಚಿಕೊಂಡಿದೆ, ಅದರಲ್ಲಿ ಗಿಡದ ಕುಂಡಗಳು ಬೇರೆ. ಮನೆ ಕಟ್ಟಿಸಿದಾಗ ಹಾಕಿಸಿದ ಗ್ರಿಲ್ ಕಾಣುತ್ತಿಲ್ಲ. ಯಾರಿಗಾದರೂ ಎದೆ ಧಸಕ್ ಅನ್ನುತ್ತೆ ಅಲ್ವಾ.

ಆದರೆ ಆ ಮೂರು ಸಾಲು ಓದಿದ ಮೇಲೆ ನನಗೆ ಹೊಳೆದದ್ದು ಒಂದೇ ಪ್ರಶ್ನೆ. ಮೊದಲು ಹೇಗಿತ್ತು? ಎಷ್ಟು ತೂತು, ಯಾವ ಗೋಡೆ, ಹಳೆ ಗ್ರಿಲ್ ಈಗ ಎಲ್ಲಿದೆ, ಯಾವುದು ಇವರು ಮಾಡಿದ್ದು, ಯಾವುದು ಇವರಿಗಿಂತ ಮುಂಚೆ ಇದ್ದವರು ಮಾಡಿದ್ದು? ಬಾಡಿಗೆಯವರು ತಿರುಗಿ ಇಷ್ಟು ಕೇಳಿದರೆ ಚಿಕ್ಕಮ್ಮನ ಹತ್ತಿರ ಉತ್ತರ ಇರಲಿಲ್ಲ. ಇಂಥ ಪತ್ರಗಳು ಸಾಮಾನ್ಯವಾಗಿ ಬಿದ್ದುಹೋಗುವುದು ಇಲ್ಲೇ. ಕೇಳುವವರ ತಲೆಯಲ್ಲಿ "ಮೊದಲಿದ್ದ ಹಾಗೆ" ಅನ್ನುವುದಕ್ಕೆ ಒಂದು ಚಿತ್ರ ಇರುತ್ತದೆ, ಕಾಗದದ ಮೇಲೆ ಇರುವುದಿಲ್ಲ.

ಕಾಗದದಲ್ಲಿ ಏನಿತ್ತು

ಮೊದಲು ಕರಾರು ಪತ್ರ ತೆಗೆದು ಓದಿದೆವು. ಒಂದು ಕಲಂ ಇತ್ತು: ಮಾಲೀಕರ ಲಿಖಿತ ಒಪ್ಪಿಗೆ ಇಲ್ಲದೆ ಗೋಡೆ ಕೊರೆಯುವುದು, ಕಿಟಕಿ ಬಾಗಿಲು ಬದಲಿಸುವುದು, ಹೊಸದಾಗಿ ಏನನ್ನಾದರೂ ಕಟ್ಟುವುದು ಮಾಡಬಾರದು. ಇನ್ನೊಂದು ಕಲಂನಲ್ಲಿ, ಮನೆ ಬಿಡುವಾಗ ಸಹಜ ಸವಕಳಿ ಬಿಟ್ಟು ಉಳಿದಂತೆ ತೆಗೆದುಕೊಂಡ ಸ್ಥಿತಿಯಲ್ಲೇ ಒಪ್ಪಿಸಬೇಕು ಅಂತ ಇತ್ತು. ಇವೆರಡೂ ಬೇರೆ ಬೇರೆ ಮಾತು. ಮೊದಲನೆಯದು ಈಗಲೇ ಅನ್ವಯ ಆಗುತ್ತದೆ, ಎರಡನೆಯದು ಬಿಡುವಾಗ. ಚಿಕ್ಕಮ್ಮನ ಪತ್ರ ಎರಡನ್ನೂ ಕಲಸಿ ಏಳು ದಿನದ ಗಡುವು ಹಾಕಿಬಿಟ್ಟಿತ್ತು.

ಆಮೇಲೆ ಫೋಟೋ. ಮನೆ ಕೊಡುವಾಗ ಕೋಣೆ ಕೋಣೆ ನೋಡಿ ಪಟ್ಟಿ ಮಾಡಿ ಇಬ್ಬರೂ ಸಹಿ ಹಾಕಿದ್ದರೆ ಈ ಕಥೆ ಅರ್ಧಕ್ಕೇ ಮುಗಿಯುತ್ತಿತ್ತು. ಅದನ್ನು ಮಾಡಿರಲಿಲ್ಲ. ಇದ್ದದ್ದು ಬಾಡಿಗೆ ಜಾಹೀರಾತಿಗೆ ತೆಗೆದ ಆರು ಫೋಟೋ. ಹಾಲ್‌ನ ಎರಡು ಗೋಡೆ ಚೆನ್ನಾಗಿ ಕಾಣುತ್ತಿತ್ತು, ಒಂದೂ ತೂತಿಲ್ಲ. ಕೋಣೆಯ ಕಿಟಕಿ, ಹಳೆ ಗ್ರಿಲ್ ಸಮೇತ ಕಾಣುತ್ತಿತ್ತು. ಬಚ್ಚಲುಮನೆಯದು ಒಂದೂ ಇರಲಿಲ್ಲ. ಜಾಹೀರಾತಿಗೆ ಬಚ್ಚಲಿನ ಫೋಟೋ ಯಾರು ತೆಗೀತಾರೆ!

ಮೂರನೆಯದು ಫೋನಿನಲ್ಲಿದ್ದ ಮೆಸೇಜು. ಚಿಕ್ಕಮ್ಮ ಇದರ ಬಗ್ಗೆ ನನಗೆ ಹೇಳೇ ಇರಲಿಲ್ಲ. ನಾನೇ ಹುಡುಕಿ ಎಂಟು ತಿಂಗಳು ಹಿಂದಕ್ಕೆ ಹೋದಾಗ ಸಿಕ್ಕಿತು. ಬಾಡಿಗೆಗಿದ್ದ ಹುಡುಗಿ ಬರೆದಿದ್ದಳು: "ಆಂಟಿ, ಪಾಪು ಕಿಟಕಿ ಹತ್ತೋಕೆ ಶುರು ಮಾಡಿದ್ದಾನೆ, ಗ್ರಿಲ್ ಸ್ವಲ್ಪ ಸರಿ ಮಾಡಿಸ್ತೀವಿ." ಅದರ ಕೆಳಗೆ ಚಿಕ್ಕಮ್ಮನ ಉತ್ತರ, ಒಂದು ಹೆಬ್ಬೆರಳು.

"ಸರಿ ಮಾಡಿಸ್ತೀವಿ ಅಂದ್ರೆ ರಿಪೇರಿ ಅಂತ ಅಲ್ವೇನೋ? ಕಿತ್ತು ಹೊಸದು ಹಾಕ್ತೀವಿ ಅಂತ ಹೇಳಿದ್ರಾ?" ಅಂತ ಚಿಕ್ಕಮ್ಮ ವಾದ ಮಾಡಿದರು. ಮಾತು ಸರಿಯೇ. ಆದರೆ ಅವಳ ಕಡೆಯಿಂದ ನೋಡಿ. ಕೇಳಿದ್ದಾಳೆ, ಕಾರಣ ಹೇಳಿದ್ದಾಳೆ, ಓನರ್ ಹೂಂ ಅಂದಿದ್ದಾರೆ. ಪತ್ರದಲ್ಲಿ "ಕೇಳದೆ ಬದಲಿಸಿದ್ದೀರಿ" ಅಂತ ಬರೆದರೆ ಅವಳು ಮಾಡುವ ಮೊದಲ ಕೆಲಸ ಆ ಮೆಸೇಜಿನ ಚಿತ್ರ ತೆಗೆದು ಕಳಿಸುವುದು. ಅಲ್ಲಿಗೆ ಪತ್ರದ ಉಳಿದ ಮಾತುಗಳೂ ಸುಳ್ಳಿನ ಹಾಗೆ ಕಾಣಲು ಶುರುವಾಗುತ್ತವೆ. ನಮ್ಮ ವಿರುದ್ಧ ಇರುವ ಕಾಗದವನ್ನು ನಾವೇ ಮೊದಲು ಹೇಳಿಬಿಡಬೇಕು, ಅದಕ್ಕೆ ಎಷ್ಟು ಅರ್ಥ, ಎಲ್ಲಿಯವರೆಗೆ ಅಂತಲೂ ನಾವೇ ಹೇಳಬೇಕು.

ಇನ್ನೂ ಒಂದು ತೊಡಕಿತ್ತು. ನಾಲ್ಕು ತಿಂಗಳ ಹಿಂದೆ ಚಿಕ್ಕಮ್ಮ ಹಾಲ್‌ನಲ್ಲಿ ಕೂತು, ಹೊಸ ಶೆಲ್ಫ್ ನೋಡಿ "ಚೆನ್ನಾಗಿದೆ" ಅಂದಿದ್ದರಂತೆ. ಅವರಿಗೇ ನೆನಪಿತ್ತು. ಸುಮ್ನೆ ಮರ್ಯಾದೆಗೆ ಅಂದದ್ದು. ಅದಾದ ಮೇಲೂ ಪ್ರತಿ ತಿಂಗಳು ಬಾಡಿಗೆ ತಗೊಂಡಿದ್ದಾರೆ.

ಹೋಗಿ ನೋಡಿದ್ದು

ಪತ್ರ ಬರೆಯುವ ಮುಂಚೆ ಒಂದು ಸಲ ನೋಡಲೇಬೇಕು. ಅದೂ ಹೇಳಿ, ಅವರಿಗೆ ಅನುಕೂಲದ ಸಮಯ ಕೇಳಿ. ಮನೆ ನಮ್ಮದಾದರೂ ವಾಸ ಅವರದು, ಸುಮ್ನೆ ನುಗ್ಗಿದರೆ ತಪ್ಪು ನಮ್ಮ ತಲೆಗೆ ಬರುತ್ತದೆ. ಭಾನುವಾರ ಬೆಳಿಗ್ಗೆ ಹೋದೆವು. ನಾನು ಟೇಪು, ಟಾರ್ಚು, ಒಂದು ನೋಟ್‌ಬುಕ್ ತಗೊಂಡು ಹೋಗಿದ್ದೆ. ಚಿಕ್ಕಮ್ಮನಿಗೆ ಮಾತಾಡಬೇಡಿ ಅಂತ ಮೊದಲೇ ಹೇಳಿದ್ದೆ. ಅರ್ಧ ಪಾಲಿಸಿದರು.

ಮನೆಯೊಳಗೆ ಎಣಿಸಿದಾಗ ಸಿಕ್ಕಿದ್ದು ಒಟ್ಟು 25 ತೂತು. ಹಾಲ್‌ನಲ್ಲಿ ಟಿವಿ ಬ್ರಾಕೆಟ್‌ಗೆ ನಾಲ್ಕು, ದಪ್ಪನೆಯವು. ಮೂರು ಶೆಲ್ಫ್‌ಗೆ ಹನ್ನೆರಡು, ಅವು ಸಣ್ಣವು. ಕೋಣೆಯಲ್ಲಿ ಪರದೆ ಕಂಬಿಗೆ ನಾಲ್ಕು. ಬಚ್ಚಲಲ್ಲಿ ಒಂದು ಪುಟ್ಟ ಶೆಲ್ಫ್‌ಗೆ ಟೈಲ್ಸ್ ಮೇಲೆ ಮೂರು. ಇಷ್ಟು ಕಣ್ಣಿಗೆ ಕಾಣುವಂಥವು, ಒಟ್ಟು 23. ಇನ್ನೆರಡು ಸುಲಭಕ್ಕೆ ಕಾಣುತ್ತಿರಲಿಲ್ಲ.

ಶೆಲ್ಫ್‌ನ ಪಕ್ಕ ಗೋಡೆಗೆ ಟಾರ್ಚನ್ನು ಅಡ್ಡ ಹಿಡಿದೆ. ಬೆಳಕನ್ನು ನೇರ ಬಿಟ್ಟರೆ ಗೋಡೆ ಸಮ ಕಾಣುತ್ತದೆ, ಗೋಡೆಗೆ ಒರಗಿಸಿ ಪಕ್ಕದಿಂದ ಬಿಟ್ಟರೆ ಉಬ್ಬು ತಗ್ಗೆಲ್ಲ ನೆರಳು ಬಿಡುತ್ತದೆ. ಎರಡು ಕಡೆ ಹೆಸರುಕಾಳಿನಷ್ಟು ಗುಳಿ, ನಡುವೆ ಬಿರುಕು. ಉಗುರಲ್ಲಿ ಕೆರೆದರೆ ಬಿಳಿ ಪುಡಿ, ಮೂಗಿಗೆ ಹಿಡಿದರೆ ಪುದೀನ ವಾಸನೆ. ಟೂತ್‌ಪೇಸ್ಟ್! ಬಹಳ ಜನ ಮಾಡುವ ಉಪಾಯವೇ ಇದು. ಹಾಕಿದ ದಿನ ಚೆನ್ನಾಗಿ ಕಾಣುತ್ತದೆ, ನೀರಿನಂಶ ಆರಿದ ಮೇಲೆ ಕುಗ್ಗಿ ಒಳಗೆ ಇಳಿಯುತ್ತದೆ, ಮೇಲೆ ಬಣ್ಣ ಹೊಡೆದರೂ ಸರಿಯಾಗಿ ಹಿಡಿಯುವುದಿಲ್ಲ.

ನನಗೆ ಟೂತ್‌ಪೇಸ್ಟ್‌ಗಿಂತ ಜಾಸ್ತಿ ಚಿಂತೆ ಆದದ್ದು ಆ ತೂತುಗಳಿದ್ದ ಜಾಗ. ಎರಡೂ ಸ್ವಿಚ್‌ಬೋರ್ಡ್‌ನ ನೇರ ಮೇಲಿದ್ದವು. ಗೋಡೆಯೊಳಗೆ ಹೋಗುವ ವೈರಿನ ಪೈಪು ಸಾಮಾನ್ಯವಾಗಿ ಸ್ವಿಚ್‌ಬೋರ್ಡ್‌ನಿಂದ ನೇರ ಮೇಲಕ್ಕೆ ಹತ್ತುತ್ತದೆ. ಆ ಗೆರೆಯಲ್ಲಿ ಡ್ರಿಲ್ ಹಾಕಬಾರದು ಅನ್ನುವುದು ಅದಕ್ಕೇ. ಯಾಕೆ ಇಲ್ಲಿ ಕೊರೆದು ಬಿಟ್ಟಿರಿ ಅಂತ ಕೇಳಿದೆ. ಹುಡುಗಿಯ ಗಂಡ ಸ್ವಲ್ಪ ಹಿಂಜರಿದು, "ಡ್ರಿಲ್ ಹಾಕ್ತಿದ್ದ ಹಾಗೆ ಕರೆಂಟ್ ಹೋಯ್ತು ಸಾರ್. ಎಂ.ಸಿ.ಬಿ. ಬಿದ್ದಿತ್ತು, ಎತ್ತಿದ ಮೇಲೆ ಸರಿಯಾಯ್ತು. ಅದಕ್ಕೆ ಪಕ್ಕಕ್ಕೆ ಹಾಕಿದ್ವಿ" ಅಂದ. ಅಂದರೆ ಡ್ರಿಲ್ ಬಿಟ್ ವೈರನ್ನು ಮುಟ್ಟಿದೆ. ಎತ್ತಿದ ಮೇಲೆ ನಿಂತಿತು ಅನ್ನುವುದು ಸಮಾಧಾನದ ಮಾತಲ್ಲ. ಸಿಪ್ಪೆ ಹರಿದ ವೈರು ಗೋಡೆಯೊಳಗೆ ಹಾಗೇ ಕೂತಿದೆ, ಆ ತೂತಿಗೆ ಯಾರಾದರೂ ಒದ್ದೆ ಪುಟ್ಟಿ ಮೆತ್ತಿದರೆ ಏನಾಗಬಹುದು ಅಂತ ಯೋಚಿಸಿ. 25 ತೂತಿನಲ್ಲಿ ನಿಜವಾಗಿ ತುರ್ತಿನದು ಈ ಎರಡೇ, ಚಿಕ್ಕಮ್ಮನ ಪತ್ರದಲ್ಲಿ ಇವುಗಳ ಸುದ್ದಿಯೇ ಇರಲಿಲ್ಲ.

ಬಚ್ಚಲಲ್ಲಿ ಒಂದು ಟೈಲ್ ಸೀಳಿತ್ತು. ಸೀಳು ತೂತಿನಿಂದಲೇ ಹೊರಟು ಅಂಚಿನವರೆಗೆ ಹೋಗಿತ್ತು, ಹಾಗಾಗಿ ಫೋಟೋ ಇಲ್ಲದಿದ್ದರೂ ಕಾರಣ ಡ್ರಿಲ್ಲೇ ಅಂತ ಹೇಳಬಹುದು. ಬಾಗಿಲ ಹತ್ತಿರ ಇನ್ನೊಂದು ಟೈಲ್ ಕೂಡ ಬಿರುಕು ಬಿಟ್ಟಿತ್ತು, ಹತ್ತಿರದಲ್ಲಿ ತೂತಿಲ್ಲ. ಅದನ್ನೂ ಸೇರಿಸು ಅಂದರು ಚಿಕ್ಕಮ್ಮ. ನಾನು ಸೇರಿಸಲಿಲ್ಲ. ಆಧಾರ ಇಲ್ಲದ ಒಂದನ್ನು ಸೇರಿಸಿದರೆ ಆಧಾರ ಇರುವ ನಾಲ್ಕನ್ನೂ ಜನ ಅನುಮಾನದಿಂದ ನೋಡುತ್ತಾರೆ.

ಗ್ರಿಲ್

ಗ್ರಿಲ್ ವಿಷಯ ನಾವು ಅಂದುಕೊಂಡಷ್ಟು ಸರಳ ಇರಲಿಲ್ಲ. ಹಳೆಯದರಲ್ಲಿ ಸರಳುಗಳು ಅಡ್ಡಡ್ಡ ಇದ್ದವು, ನಡುವೆ ಸುಮಾರು 15 ಸೆಂ.ಮೀ. ಸಂದು. ಎರಡು ವರ್ಷದ ಮಗುವಿಗೆ ಅದು ಏಣಿ ಇದ್ದ ಹಾಗೆ, ಹತ್ತಿದ ಮೇಲೆ ಸಂದಿನಲ್ಲಿ ತಲೆ ಸಿಕ್ಕಿಕೊಳ್ಳುವ ಭಯವೂ ಇದೆ. ಮಕ್ಕಳಿರುವ ಕಡೆ ಸರಳು ಉದ್ದುದ್ದ ಇರಬೇಕು, ಸಂದು 10 ಸೆಂ.ಮೀ.ಗಿಂತ ಕಡಿಮೆ ಇರಬೇಕು ಅನ್ನುವುದು ಕಟ್ಟಡ ಕೆಲಸದವರು ಪಾಲಿಸುವ ಲೆಕ್ಕ. ಹೊಸ ಗ್ರಿಲ್ ಆ ಲೆಕ್ಕಕ್ಕೆ ಸರಿಯಾಗಿತ್ತು. ಹಾಗಾಗಿ "ಹಳೆಯದನ್ನೇ ತಂದು ಹಾಕಿ" ಅಂತ ಕಣ್ಣುಮುಚ್ಚಿ ಬರೆಯುವುದು ನನಗೆ ಸರಿ ಕಾಣಲಿಲ್ಲ. ನಾಳೆ ಮಗು ಬಿದ್ದರೆ ಆ ಪತ್ರ ಯಾರ ಕೈಯಲ್ಲಿ ಹೇಗೆ ಓದಿಸಿಕೊಳ್ಳುತ್ತದೆ?

ಆದರೆ ಹೊಸದರಲ್ಲಿ ಎರಡು ದೋಷ ಇದ್ದವು. ಹಳೆಯದರ ಕೆಳಭಾಗದಲ್ಲಿ ಒಳಗಿನಿಂದ ತೆರೆಯುವ ಒಂದು ಪುಟ್ಟ ಬಾಗಿಲಿತ್ತು, ಬೆಂಕಿ ಗಿಂಕಿ ಬಿದ್ದಾಗ ಹೊರಬರಲಿ ಅಂತ. ಹೊಸದು ಪೂರ್ತಿ ವೆಲ್ಡ್ ಮಾಡಿದ ಪಂಜರ. ಆ ಕೋಣೆಗೆ ಇರುವುದು ಒಂದೇ ಬಾಗಿಲು, ಒಂದೇ ಕಿಟಕಿ.

ಎರಡನೆಯದು ನೀರು. ಹಳೆ ಗ್ರಿಲ್ ಮರದ ಚೌಕಟ್ಟಿಗೆ ಸ್ಕ್ರೂ ಹಾಕಿದ್ದು, ಮಳೆ ತಾಗದ ಜಾಗ. ಹೊಸದನ್ನು ಹೊರಗೋಡೆಗೇ ಎಂಟು ಬೋಲ್ಟ್ ಹಾಕಿ ಕೂರಿಸಿದ್ದರು. ಬೋಲ್ಟಿನ ಸುತ್ತ ಏನೂ ತುಂಬಿರಲಿಲ್ಲ. ಕುಂಡಗಳ ಭಾರಕ್ಕೆ ಪೆಟ್ಟಿಗೆ ಕೆಳಕ್ಕೆ ಜಗ್ಗಿ ಮೇಲಿನ ಎರಡು ಬೋಲ್ಟಿನ ತೂತು ಬಾಯಿ ಬಿಟ್ಟಿತ್ತು. ಒಳಗೆ ಬಂದು ನೋಡಿದರೆ ಕಿಟಕಿಯ ಎಡ ಮೂಲೆಯಲ್ಲಿ ಬಣ್ಣ ಉಬ್ಬಿ, ಕೆಳಗೆ ಉಪ್ಪಿನಂಥ ಬಿಳಿ ಪುಡಿ ಉದುರಿತ್ತು. ಇದು ನಲ್ಲಿ ಪೈಪಿನ ಸೋರಿಕೆ ಇರಬಹುದು ಅಂತ ಬಾಡಿಗೆಯವರು ಅಂದರು. ಪೈಪಿನದಾದರೆ ಗೋಡೆ ಸದಾ ಒದ್ದೆ ಇರುತ್ತದೆ. ಇದು ಮಳೆ ಬಂದ ಮಾರನೇ ದಿನ ಕಪ್ಪಾಗಿ, ಬಿಸಿಲು ಬಿದ್ದ ಮೇಲೆ ಬಿಳಿಚಿಕೊಳ್ಳುತ್ತದೆ ಅಂತ ಅವರೇ ಹೇಳಿದ್ದರು. ಜೊತೆಗೆ ಆ ಗೋಡೆಯಲ್ಲಿ ಪೈಪೇ ಇಲ್ಲ.

ಹಳೆ ಗ್ರಿಲ್ ಗುಜರಿಗೆ ಹೋಗಿರುತ್ತೆ ಅಂತ ಚಿಕ್ಕಮ್ಮ ಖಾತ್ರಿ ಮಾಡಿಕೊಂಡಿದ್ದರು. ಅದು ಮೆಟ್ಟಿಲ ಕೆಳಗೆ, ಗೋಣಿಚೀಲ ಹೊದಿಸಿಕೊಂಡು, ಗೋಡೆಗೆ ಒರಗಿ ನಿಂತಿತ್ತು. ಮೀಟರ್ ನೋಡಲು ಹೋಗುವಾಗ ಪ್ರತಿ ತಿಂಗಳೂ ಅದರ ಪಕ್ಕವೇ ದಾಟಿದ್ದಾರೆ.

ಕಳಿಸಿದ ಪತ್ರ

ಇಷ್ಟಾದ ಮೇಲೆ ಕೂತು ಬರೆದೆವು. ಕೈಯಲ್ಲಿದ್ದದ್ದನ್ನು ಮೂರು ಪಾಲು ಮಾಡಿದೆ: ಈಗಲೇ ಆಗಬೇಕಾದ್ದು, ಮನೆ ಬಿಡುವಾಗ ಆಗಬೇಕಾದ್ದು, ಕೇಳದೇ ಬಿಡುವಂಥದ್ದು. ಮೂರನೇ ಪಾಲು ಯಾಕೆ ಅಂತ ಚಿಕ್ಕಮ್ಮ ಕೇಳಿದರು. ಪರದೆ ಕಂಬಿಯ ನಾಲ್ಕು ತೂತಿಗೂ ವೈರಿಗೆ ಬಿದ್ದ ತೂತಿಗೂ ಒಂದೇ ದನಿಯಲ್ಲಿ ಗದರಿದರೆ ಓದುವವರಿಗೆ ಯಾವುದು ಮುಖ್ಯ ಅಂತ ಗೊತ್ತಾಗುವುದಿಲ್ಲ. ಮುಂದೆ ಬರುವ ಬಾಡಿಗೆಯವರೂ ಆ ಕಂಬಿಗೇ ಪರದೆ ಹಾಕುತ್ತಾರೆ, ಅದನ್ನು ಮುಚ್ಚಿಸಿ ಮತ್ತೆ ಕೊರೆಸುವುದರಲ್ಲಿ ಏನು ಲಾಭ?

ಪತ್ರ ಹೀಗಿತ್ತು. ಹೆಸರು, ವಿಳಾಸ, ತಾರೀಖು ತೆಗೆದಿದ್ದೇನೆ.

> ಮಾನ್ಯರೇ,
>
> ವಿಷಯ: ಬಾಡಿಗೆ ಮನೆಯಲ್ಲಿ ಆಗಿರುವ ಬದಲಾವಣೆಗಳನ್ನು ಸರಿಪಡಿಸುವ ಬಗ್ಗೆ
>
> ಕಳೆದ ಭಾನುವಾರ ನೀವು ಮನೆಯಲ್ಲಿದ್ದಾಗಲೇ, ನಿಮ್ಮ ಒಪ್ಪಿಗೆ ಪಡೆದು, ಮನೆಯನ್ನು ನೋಡಿದೆವು. ಅಂದು ತೆಗೆದ ಫೋಟೋಗಳನ್ನೂ, ನೀವು ಬರುವ ಮುಂಚೆ ತೆಗೆದ ಆರು ಫೋಟೋಗಳನ್ನೂ ಇದರ ಜೊತೆ ಇಟ್ಟಿದ್ದೇನೆ.
>
> ನಮ್ಮ ಕರಾರಿನಂತೆ ಗೋಡೆ ಕೊರೆಯಲು, ಕಿಟಕಿ ಬಾಗಿಲು ಬದಲಿಸಲು ನನ್ನ ಲಿಖಿತ ಒಪ್ಪಿಗೆ ಬೇಕು. ಗ್ರಿಲ್ ಸರಿ ಮಾಡಿಸುವ ಬಗ್ಗೆ ನೀವು ಮೆಸೇಜು ಕಳಿಸಿದ್ದೂ, ನಾನು ಸರಿ ಎಂದು ಸೂಚಿಸಿದ್ದೂ ನಿಜ. ಅದನ್ನು ನಾನು ಇದ್ದ ಗ್ರಿಲ್ಲಿನ ರಿಪೇರಿ ಎಂದು ತಿಳಿದಿದ್ದೆ. ಹಳೆಯದನ್ನು ತೆಗೆದು, ಹೊರಗೋಡೆ ಕೊರೆದು, ತೆರೆಯಲು ಬಾರದ ಗ್ರಿಲ್ ಹಾಕುವುದಕ್ಕೆ ನಾನು ಒಪ್ಪಿಗೆ ಕೊಟ್ಟಿಲ್ಲ. ಶೆಲ್ಫ್ ನೋಡಿ ಚೆನ್ನಾಗಿದೆ ಎಂದದ್ದನ್ನಾಗಲಿ, ನಂತರ ಬಾಡಿಗೆ ಪಡೆದದ್ದನ್ನಾಗಲಿ ಈ ಬದಲಾವಣೆಗಳಿಗೆ ಒಪ್ಪಿಗೆ ಎಂದು ತಿಳಿಯಬಾರದಾಗಿ ಕೋರುತ್ತೇನೆ.
>
> ಈಗಲೇ ಆಗಬೇಕಾದವು:
>
> ಅ) ಹಾಲ್‌ನ ಸ್ವಿಚ್‌ಬೋರ್ಡ್ ಮೇಲಿನ ಎರಡು ತೂತು. ಇವನ್ನು ನೀವು ಮುಚ್ಚಬೇಡಿ. ಪತ್ರ ತಲುಪಿದ 3 ದಿನದೊಳಗೆ ನನ್ನ ಎಲೆಕ್ಟ್ರಿಷಿಯನ್ ಬಂದು ನೋಡುತ್ತಾರೆ, ಸಮಯ ತಿಳಿಸಿ. ಅಲ್ಲಿಯವರೆಗೆ ಆ ಬೋರ್ಡಿನ ಎಂ.ಸಿ.ಬಿ. ಇಳಿಸಿಡಿ. ಡ್ರಿಲ್ಲಿನಿಂದಲೇ ವೈರು ಹಾಳಾಗಿದ್ದರೆ ರಿಪೇರಿ ಖರ್ಚು ನಿಮ್ಮದು.
>
> ಆ) ಕೋಣೆಯ ಗ್ರಿಲ್. ಕುಂಡಗಳನ್ನು ಇಂದೇ ತೆಗೆಯಿರಿ. 15 ದಿನದೊಳಗೆ ಇವೆರಡರಲ್ಲಿ ಒಂದನ್ನು ಮಾಡಿಸಿ. ಒಂದು, ಹಳೆ ಗ್ರಿಲ್ಲನ್ನು ಅದರ ಜಾಗದಲ್ಲೇ ಕೂರಿಸಿ, ಮಗುವಿನ ಸುರಕ್ಷತೆಗೆ ಅದರ ಒಳಬದಿಗೆ ತೆಗೆಯಲು ಬರುವ ಉದ್ದ ಸರಳಿನ ಚೌಕಟ್ಟು ಹಾಕಿಸುವುದು. ಎರಡು, ಹೊಸ ಗ್ರಿಲ್ಲನ್ನೇ ಇಟ್ಟು, ದೊಡ್ಡವರು ತೂರುವಷ್ಟು ದೊಡ್ಡದಾದ, ಒಳಗಿನಿಂದ ಬೀಗದ ಕೈ ಇಲ್ಲದೆ ತೆರೆಯುವ ಬಾಗಿಲನ್ನು ಅದರಲ್ಲಿ ಮಾಡಿಸುವುದು. ಚಿಲಕ ಮಗುವಿಗೆ ಎಟುಕದ ಎತ್ತರದಲ್ಲಿರಲಿ. ಯಾವುದನ್ನು ಮಾಡಿಸುತ್ತೀರಿ ಎಂದು 5 ದಿನದಲ್ಲಿ ಬರೆದು ತಿಳಿಸಿ.
>
> ಇ) ಹೊರಗೋಡೆಯ ಬೋಲ್ಟ್ ತೂತುಗಳು. ಗ್ರಿಲ್ ಕೆಲಸದ ಜೊತೆಗೇ ನೀರು ಇಳಿಯದಂತೆ ತುಂಬಿಸಬೇಕು. ಒಳಗೋಡೆಯ ಉಬ್ಬಿದ ಬಣ್ಣವನ್ನು ಈಗ ಮುಟ್ಟಬೇಡಿ. ಗೋಡೆ ಪೂರ್ತಿ ಆರಿದ ಮೇಲೆ ಇಬ್ಬರೂ ನೋಡಿ ದಿನ ಗೊತ್ತು ಮಾಡೋಣ.
>
> ಮನೆ ಬಿಡುವಾಗ ಆಗಬೇಕಾದವು: ಟಿವಿ ಬ್ರಾಕೆಟ್‌ನ 4 ಮತ್ತು ಶೆಲ್ಫ್‌ಗಳ 12 ತೂತುಗಳನ್ನು ಪ್ಲಗ್ ತೆಗೆದು ಪುಟ್ಟಿ ತುಂಬಿ ಸಮ ಮಾಡಿಸಬೇಕು. ತೇಪೆ ಎದ್ದು ಕಂಡರೆ ಆ ಒಂದು ಗೋಡೆಗೆ ಮೂಲೆಯಿಂದ ಮೂಲೆಗೆ ಬಣ್ಣ ಹೊಡೆಸಬೇಕು. ಬೇರೆ ಗೋಡೆಗಳ ಬಣ್ಣವನ್ನು ನಾನು ಕೇಳುವುದಿಲ್ಲ. ಬಚ್ಚಲಿನ ಸೀಳಿದ ಒಂದು ಟೈಲ್ ಬದಲಿಸಬೇಕು.
>
> ಪರದೆ ಕಂಬಿ ಮತ್ತು ಅದರ 4 ತೂತುಗಳ ಬಗ್ಗೆ ನನ್ನ ಆಕ್ಷೇಪಣೆ ಇಲ್ಲ.
>
> ಈ ಪಟ್ಟಿಯಲ್ಲಿ ತಪ್ಪಿದ್ದರೆ, ಯಾವುದಾದರೂ ನೀವು ಬರುವ ಮುಂಚೆಯೇ ಇದ್ದದ್ದಾದರೆ, 5 ದಿನದಲ್ಲಿ ಬರೆದು ತಿಳಿಸಿ. ಗಡುವಿನೊಳಗೆ ಕೆಲಸ ಆಗದಿದ್ದರೆ ನಾನೇ ಮಾಡಿಸಿ, ರಸೀದಿಯಲ್ಲಿರುವಷ್ಟನ್ನೇ ಕರಾರಿನಂತೆ ಮುಂಗಡದಲ್ಲಿ ಹಿಡಿದುಕೊಳ್ಳುತ್ತೇನೆ. ಇನ್ನು ಮುಂದೆ ಕೊರೆಯುವ, ಬದಲಿಸುವ ಕೆಲಸ ಇದ್ದರೆ ಮೊದಲು ಬರೆದು ಕೇಳಿ.
>
> ಇಂತಿ,
> ಮನೆ ಮಾಲೀಕರು

ಗಡುವುಗಳ ಬಗ್ಗೆ ಒಂದು ಮಾತು. ಎಲ್ಲದಕ್ಕೂ ಏಳು ದಿನ ಅಂತ ಬರೆದಿದ್ದರೆ ಏನಾಗುತ್ತಿತ್ತು ಗೊತ್ತಾ? ಒದ್ದೆ ಗೋಡೆಗೆ ಪುಟ್ಟಿ ಮೆತ್ತಿ ಬಣ್ಣ ಬಳಿದು "ಆಯ್ತು" ಅನ್ನುತ್ತಿದ್ದರು. ತೇವ ಒಳಗೇ ಉಳಿದು, ಹೊಸ ಬಣ್ಣ ಒಂದೇ ಮಳೆಗಾಲಕ್ಕೆ ಹಪ್ಪಳದ ಹಾಗೆ ಎದ್ದು ಬರುತ್ತಿತ್ತು. ಮೊದಲು ನೀರು ಬರುವ ದಾರಿ ಮುಚ್ಚಬೇಕು, ಆಮೇಲೆ ಗೋಡೆ ಆರಬೇಕು, ಬಣ್ಣ ಕೊನೆಗೆ. ಆ ಕ್ರಮ ಗಡುವಿನಲ್ಲೂ ಕಾಣಬೇಕು.

ಬಣ್ಣದ ಸಾಲಿಗೂ ಚಿಕ್ಕಮ್ಮ ತಕರಾರು ತೆಗೆದರು. ಇಡೀ ಹಾಲ್ ಹೊಡೆಸಲಿ ಅಂತ ಅವರ ಆಸೆ. ಆದರೆ ಆ ಬಣ್ಣ ಹೊಡೆದು ನಾಲ್ಕು ವರ್ಷ ಆಗಿದೆ, ಹೇಗೂ ಮುಂದಿನ ಬಾಡಿಗೆಗೆ ಮುಂಚೆ ಹೊಡೆಸಬೇಕಾದ್ದೇ. ಹಳೆ ಬಣ್ಣಕ್ಕೆ ಹೊಸ ಬಣ್ಣ ವಸೂಲು ಮಾಡುವುದು ನ್ಯಾಯ ಅಲ್ಲ. ಒಂದು ಗೋಡೆ ಕೇಳಿದ್ದಕ್ಕೆ ಕಾರಣ ಬೇರೆ. ಅದೇ ಕಂಪನಿ, ಅದೇ ನಂಬರ್ ಬಣ್ಣ ತಂದು ತೇಪೆ ಹಚ್ಚಿದರೂ ಮಾಸಿದ ಗೋಡೆಯ ಮೇಲೆ ಅದು ಎದ್ದು ಕಾಣುತ್ತದೆ. ಮೂಲೆಯಲ್ಲಿ ಬೆಳಕು ತಿರುಗುವುದರಿಂದ ಮೂಲೆಯಿಂದ ಮೂಲೆಗೆ ಹೊಡೆದರೆ ಪಕ್ಕದ ಗೋಡೆಯ ಜೊತೆಗಿನ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ.

ಆಮೇಲೆ

ಪತ್ರವನ್ನು ಕೈಗೆ ಕೊಟ್ಟು ಇನ್ನೊಂದು ಪ್ರತಿಯ ಮೇಲೆ "ತಲುಪಿತು" ಅಂತ ಸಹಿ ಹಾಕಿಸಿಕೊಂಡೆವು, ಫೋಟೋ ತೆಗೆದು ಮೆಸೇಜಿನಲ್ಲೂ ಕಳಿಸಿದೆವು. ಮೂರನೇ ದಿನ ಹುಡುಗಿ ಫೋನ್ ಮಾಡಿದಳು. ದನಿಯಲ್ಲಿ ಬೇಜಾರಿತ್ತು. "ಆಂಟಿ, ಬಾಯಲ್ಲಿ ಹೇಳಿದ್ರೆ ಆಗ್ತಿರ್ಲಿಲ್ವಾ? ಪತ್ರ ಬರೆಯೋವಷ್ಟು ನಾವೇನು ಮಾಡಿದ್ವಿ?" ಚಿಕ್ಕಮ್ಮ ಕೊಟ್ಟ ಉತ್ತರ ನನಗೆ ಇಷ್ಟವಾಯಿತು. "ಬಾಯಲ್ಲಿ ಹೇಳಿ ಹೇಳಿನೇ ಇಲ್ಲಿಗೆ ಬಂದಿರೋದಮ್ಮ. ನೀನೂ ಬರೆದು ಕೊಡು, ನಾನು ಓದ್ತೀನಿ."

ಅವಳು ಬರೆದಳು. ಎರಡು ಆಕ್ಷೇಪ ಇತ್ತು. ಟಿವಿ ಬ್ರಾಕೆಟ್‌ನ ನಾಲ್ಕು ತೂತಿನಲ್ಲಿ ಎರಡು ಹಿಂದಿನವರದ್ದು ಅಂದಳು. ಆರು ಫೋಟೋದಲ್ಲಿ ಆ ಗೋಡೆ ಇತ್ತು, ದೊಡ್ಡದು ಮಾಡಿ ನೋಡಿದರೆ ಗೋಡೆ ನುಣ್ಣಗೆ ಇತ್ತು. ತೋರಿಸಿದ ಮೇಲೆ ಅದನ್ನು ಅವಳೇ ಬಿಟ್ಟಳು. ಎರಡನೆಯದು ಗ್ರಿಲ್ ಖರ್ಚು. ಹೊಸದನ್ನು ನಾವು ದುಡ್ಡು ಹಾಕಿ ಮಾಡಿಸಿದ್ದೇವೆ, ಬಿಡುವಾಗ ಅದರ ಬೆಲೆ ಕೊಡಿ, ಇಲ್ಲಾ ಕಿತ್ತುಕೊಂಡು ಹೋಗುತ್ತೇವೆ ಅಂದಳು. ಕಿತ್ತುಕೊಂಡು ಹೋಗುವುದು ಅಂದರೆ ಎಂಟು ಬೋಲ್ಟ್ ತೂತು ಮತ್ತೆ ಬಾಯಿ ಬಿಡುತ್ತದೆ.

ಇಲ್ಲಿ ಇಬ್ಬರೂ ಸ್ವಲ್ಪ ಬಗ್ಗಿದರು. ಹೊಸ ಗ್ರಿಲ್ ಉಳಿಯುವುದು, ಬಾಗಿಲು ಮಾಡಿಸುವ ಖರ್ಚು ಅವರದು, ಹೊರಗೋಡೆ ತೂತು ತುಂಬಿಸುವ ಖರ್ಚು ಚಿಕ್ಕಮ್ಮನದು, ಬಿಡುವಾಗ ಗ್ರಿಲ್ ಮನೆಗೇ ಸೇರುತ್ತದೆ, ಅದಕ್ಕೆ ಬೆಲೆ ಇಲ್ಲ, ಹಳೆಯದನ್ನು ತಂದು ಕೂರಿಸಬೇಕಾಗಿಯೂ ಇಲ್ಲ. ಒಂದು ಪುಟದಲ್ಲಿ ಬರೆದು ಇಬ್ಬರೂ ಸಹಿ ಹಾಕಿ ಕರಾರಿಗೆ ಸೇರಿಸಿದೆವು.

ಎಲೆಕ್ಟ್ರಿಷಿಯನ್ ಮೇನ್ ಇಳಿಸಿ ಟೂತ್‌ಪೇಸ್ಟ್ ಕೆರೆದು ತೆಗೆದು, ತೂತಿನ ಸುತ್ತ ಒಂದು ಗೇಣು ಗಾರೆ ಒಡೆದ. ಪೈಪಿನಲ್ಲಿ ಡ್ರಿಲ್ಲಿನ ಗುರುತು ದುಂಡಗೆ ಕಾಣುತ್ತಿತ್ತು, ಒಳಗೆ ಒಂದು ವೈರಿನ ಸಿಪ್ಪೆ ಹರಿದು ತಾಮ್ರ ಮಿನುಗುತ್ತಿತ್ತು. ಅಲ್ಲೇ ಜೋಡಿಸಿ ಟೇಪು ಸುತ್ತಬಹುದಲ್ವಾ ಅಂತ ಹುಡುಗಿಯ ಗಂಡ ಕೇಳಿದ. ಎಲೆಕ್ಟ್ರಿಷಿಯನ್ ಒಪ್ಪಲಿಲ್ಲ. ಗೋಡೆಯೊಳಗೆ ಗಂಟು ಬಿಡಬಾರದು ಅಂತ ಹೇಳಿ, ಬೋರ್ಡಿನಿಂದ ಮೇಲಿನ ಬಾಕ್ಸ್‌ವರೆಗೆ ಆ ವೈರನ್ನು ಪೂರ್ತಿ ಎಳೆದು ಹೊಸದು ಹಾಕಿದ. ಹುಡುಗಿಯ ಗಂಡ ಅಲ್ಲೇ ನಿಂತು ನೋಡುತ್ತಿದ್ದ. ಪತ್ರದ ಬಗ್ಗೆ ಇದ್ದ ಬೇಜಾರು ಅವತ್ತು ಕಡಿಮೆ ಆಯಿತು ಅಂತ ನನ್ನ ಅಂದಾಜು, ಖರ್ಚನ್ನು ಮಾತಾಡದೆ ಕೊಟ್ಟ.

ಗ್ರಿಲ್ ಬಾಗಿಲು ಹದಿನೈದು ದಿನಕ್ಕೆ ಆಗಲಿಲ್ಲ, ಇಪ್ಪತ್ತೆರಡು ಹಿಡಿಯಿತು. ವೆಲ್ಡಿಂಗ್‌ನವನು ಮೊದಲ ಸಲ ತಂದ ಚಿಲಕಕ್ಕೆ ಬೀಗ ಹಾಕುವ ಬಳೆ ಇತ್ತು, ಅದನ್ನು ವಾಪಸ್ ಕಳಿಸಿ ಬೇರೆ ಹಾಕಿಸಿದ್ದು ಹುಡುಗಿಯೇ. ತಡವಾಗುತ್ತೆ ಅಂತ ಹದಿಮೂರನೇ ದಿನ ಬರೆದು ಕೇಳಿದ್ದಳು, ಚಿಕ್ಕಮ್ಮ ಹೆಬ್ಬೆರಳು ಒತ್ತದೆ "ಇನ್ನು ಹತ್ತು ದಿನ, ಅದಕ್ಕಿಂತ ಜಾಸ್ತಿ ಬೇಡ" ಅಂತ ಅಕ್ಷರದಲ್ಲೇ ಬರೆದರು.

ಬಚ್ಚಲಿನ ಟೈಲ್ ಮಾತ್ರ ಬಗೆಹರಿದಿಲ್ಲ. ಮನೆ ಕಟ್ಟಿದಾಗ ಉಳಿದ ಟೈಲ್ ಒಂದೂ ಇಲ್ಲ, ಆ ವಿನ್ಯಾಸ ಈಗ ಬರುವುದೂ ಇಲ್ಲ. ಗೋಡೆಗೆ ಬಿದ್ದ ತೂತು ಮುಚ್ಚಬಹುದು, ಟೈಲ್‌ಗೆ ಬಿದ್ದದ್ದು ಮುಚ್ಚುವುದಿಲ್ಲ, ಏನು ತುಂಬಿದರೂ ಚುಕ್ಕೆ ಕಾಣುತ್ತದೆ. ಹತ್ತಿರದ ಬಣ್ಣದ್ದೊಂದು ತಂದು ಹಾಕಿದರೆ ಸೀಳಿದ್ದಕ್ಕಿಂತ ಅದೇ ಜಾಸ್ತಿ ಎದ್ದು ಕಾಣುತ್ತದೆ ಅಂತ ಇಬ್ಬರೂ ಒಪ್ಪಿದ್ದಾರೆ. ಸದ್ಯಕ್ಕೆ ಸೀಳಿನೊಳಗೆ ನೀರು ಹೋಗದಂತೆ ಸೀಲಂಟ್ ಹಾಕಿ, ಪುಟ್ಟ ಶೆಲ್ಫನ್ನು ಅಲ್ಲೇ ಬಿಟ್ಟಿದ್ದಾರೆ. ಪಟ್ಟಿಯಲ್ಲಿ ಅದರ ಮುಂದೆ "ಬಿಡುವಾಗ ಮಾತಾಡುವುದು" ಅಂತ ಬರೆದು ಇಬ್ಬರ ಸಹಿ ಇದೆ.